ಅರಬ್ಬೀ ಗಾದೆಯಲ್ಲಿ ‘ಇದೆ’ ಎಲ್ಲಿದೆ?

ಪ್ರಶ್ನೆ: ನಾನು ಉಡುಪಿ ಕಡೆಯವನು. ಕುವೈತ್‌ನಲ್ಲಿ ಕೆಲಸಕ್ಕೆ ಬಂದು ಎರಡು ವರ್ಷ ಆಯ್ತು. ಜೊತೆಗೆ ಕೆಲಸ ಮಾಡೋ ಈಜಿಪ್ಟಿನವರು ಮಾತು ಮಾತಿಗೂ ಗಾದೆ ಹೇಳ್ತಾರೆ. ಬರೆದುಕೊಂಡು ನಿಘಂಟು ನೋಡಿದರೆ ಪದಗಳ ಅರ್ಥ ಸಿಗುತ್ತೆ, ಆದ್ರೆ ವಾಕ್ಯ ಕೂಡೋದೇ ಇಲ್ಲ. ಕ್ರಿಯಾಪದ ಕಾಣಲ್ಲ, ಕಂಡರೂ ಭೂತಕಾಲದಲ್ಲಿರುತ್ತೆ. ಈ ಗಾದೆಗಳನ್ನ ಹಿಡಿದು ವ್ಯಾಕರಣ ಕಲಿಯೋಕಾಗುತ್ತಾ? ಎಲ್ಲಿಂದ ಶುರು ಮಾಡಲಿ?

ಉತ್ತರ: ಕೋತಿಯಿಂದ ಶುರು ಮಾಡಿ. ನಿಮ್ಮ ಈಜಿಪ್ಟಿನ ಗೆಳೆಯರು ಇದನ್ನು ಖಂಡಿತ ಹೇಳಿರುತ್ತಾರೆ:

*ಅಲ್-ಕಿರ್ದು ಫೀ ಅಯ್ನಿ ಉಮ್ಮಿಹಿ ಗಜ಼ಾಲ್.*

ಪದಕ್ಕೆ ಪದ ಇಟ್ಟರೆ ‘ಕೋತಿ, ಒಳಗೆ, ಕಣ್ಣು, ಅದರ ತಾಯಿ, ಚಿಗರೆ’. ತಾಯಿಯ ಕಣ್ಣಿಗೆ ಕೋತಿಮರಿಯೂ ಚಿಗರೆ. ನಮ್ಮಲ್ಲಿ ಇದಕ್ಕೆ ಸರಿಜೋಡಿ ಇದೆಯಲ್ಲ, ‘ಹೆತ್ತವರಿಗೆ ಹೆಗ್ಗಣ ಮುದ್ದು’. ಈಗ ನಮ್ಮ ಗಾದೆಯನ್ನೇ ಇನ್ನೊಂದು ಸಲ ಓದಿ. ಅದರಲ್ಲಿ ಕ್ರಿಯಾಪದ ಎಲ್ಲಿದೆ? ಇಲ್ಲ. ‘ಹೆಗ್ಗಣ ಮುದ್ದಾಗಿದೆ’ ಎಂದು ಯಾರೂ ಹೇಳುವುದಿಲ್ಲ. ‘ಅವರು ನಮ್ಮ ಮೇಷ್ಟ್ರು’, ‘ಇದು ನನ್ನ ಪೆನ್ನು’ ಎನ್ನುವಾಗಲೂ ನಮಗೆ ಕ್ರಿಯಾಪದ ಬೇಕಾಗುವುದಿಲ್ಲ. ಅರಬ್ಬಿಯೂ ಹಾಗೆಯೇ. ನಾವು ಹೊಸ ಭಾಷೆಯನ್ನು ಇಂಗ್ಲಿಷ್ ಮೂಲಕ ಕಲಿಯಲು ಹೋಗಿ, ಅಲ್ಲಿ ಇಲ್ಲದ ‘ಈಸ್’ ಒಂದನ್ನು ಹುಡುಕುತ್ತಾ ಕೂರುತ್ತೇವೆ. ಕನ್ನಡದ ಕಿವಿಯಿಂದಲೇ ಕೇಳಿದರೆ ಅರ್ಧ ತೊಡಕು ಅಲ್ಲೇ ಬಿಡಿಸಿಕೊಳ್ಳುತ್ತದೆ.

ಇಂಥ ವಾಕ್ಯದ ಮೊದಲ ಭಾಗಕ್ಕೆ ಅರಬ್ಬಿಯಲ್ಲಿ ‘ಮುಬ್ತದಾ’ ಎನ್ನುತ್ತಾರೆ, ಅಂದರೆ ಮಾತು ಶುರುವಾಗುವ ಜಾಗ. ಎರಡನೆಯದು ‘ಖಬರ್’. ಉತ್ತರ ಕರ್ನಾಟಕದವರು ‘ನನಗ ಖಬರಿಲ್ಲ’ ಎನ್ನುವಾಗ ಬರುವ ಖಬರೇ ಇದು, ಸುದ್ದಿ ಎಂದರ್ಥ. ಯಾರ ಬಗ್ಗೆ ಮಾತು, ಅವರ ಬಗ್ಗೆ ಏನು ಸುದ್ದಿ, ಅಷ್ಟೇ. ಕೋತಿಯ ಬಗ್ಗೆ ಮಾತು, ಅದು ಚಿಗರೆ ಎನ್ನುವುದು ಸುದ್ದಿ.

ಹಾಗಾದರೆ ಇದು ಪೂರ್ತಿ ವಾಕ್ಯ, ಬರೀ ಪದಗಳ ಗುಂಪಲ್ಲ ಎಂದು ಕೇಳುವವರಿಗೆ ಗೊತ್ತಾಗುವುದು ಹೇಗೆ? ಕನ್ನಡದಲ್ಲಿ ‘ದೊಡ್ಡ ಮನೆ’ ಎಂದರೆ ಮಾತು ಇನ್ನೂ ಮುಗಿದಿಲ್ಲ. ‘ಮನೆ ದೊಡ್ಡದು’ ಎಂದರೆ ಮುಗಿಯಿತು. ಮುಗಿಸುವ ಕೆಲಸ ಮಾಡಿದ್ದು ಕೊನೆಯ ‘ದು’. ಅರಬ್ಬಿಯಲ್ಲಿ ಆ ಕೆಲಸ ಮಾಡುವುದು ಪದದ ಮೊದಲಿಗೆ ಅಂಟುವ, ಇಂಗ್ಲಿಷಿನ ‘ದಿ’ಯಂಥ ‘ಅಲ್’, ಅದೂ ತಾನು ಇಲ್ಲದಿರುವ ಮೂಲಕ. *ಅಲ್-ಬಯ್ತುಲ್ ಕಬೀರ್* ಎಂದರೆ ಎರಡು ಪದಕ್ಕೂ ಅಲ್ ಇದೆ, ಅರ್ಥ ‘ಆ ದೊಡ್ಡ ಮನೆ’. *ಅಲ್-ಬಯ್ತು ಕಬೀರ್* ಎಂದರೆ ಎರಡನೆಯದಕ್ಕೆ ಅಲ್ ಇಲ್ಲ, ಅರ್ಥ ‘ಮನೆ ದೊಡ್ಡದು’. ನಮ್ಮ ಗಾದೆಯಲ್ಲಿ ಕಿರ್ದ್‌ಗೆ ಅಲ್ ಇದೆ, ಗಜ಼ಾಲ್‌ಗೆ ಇಲ್ಲ. ಅದಕ್ಕೇ ಅದು ವಾಕ್ಯ.

ಹೊಸಬರು ಅತಿ ಹೆಚ್ಚು ಎಡವುವುದು ಇಲ್ಲೇ. ನನ್ನ ಹತ್ತಿರ ಕಲಿಯುತ್ತಿದ್ದ ಒಬ್ಬರು ಬಾಡಿಗೆ ಮನೆ ನೋಡಲು ಹೋದಾಗ ‘ಅಲ್-ಬಯ್ತ್ ಅಲ್-ಕಬೀರ್’ ಎಂದು ಹೇಳಿ ಸುಮ್ಮನಾದರಂತೆ. ಮನೆ ತೋರಿಸುತ್ತಿದ್ದವರು ಇವರ ಮುಖ ನೋಡುತ್ತಾ ನಿಂತರು. ಅವರಿಗೆ ಕೇಳಿಸಿದ್ದು ‘ಆ ದೊಡ್ಡ ಮನೆ...’ ಎಂದು. ಆ ದೊಡ್ಡ ಮನೆಗೆ ಏನಾಯ್ತು ಎಂದು ಮುಂದಿನ ಮಾತಿಗೆ ಕಾಯುತ್ತಿದ್ದರು. ನೀವು ಮಾತು ಮುಗಿಸಿದ ಮೇಲೂ ಎದುರಿನವರು ಕಾಯುತ್ತಿದ್ದರೆ, ಅಲ್ ಜಾಸ್ತಿ ಆಗಿದೆಯಾ ನೋಡಿಕೊಳ್ಳಿ.

ಈ ಕ್ರಿಯಾಪದವಿಲ್ಲದ ವಾಕ್ಯ ಈಗಿನ ಮಾತಿಗೆ, ಯಾವಾಗಲೂ ನಿಜವಾದ ಮಾತಿಗೆ ಮಾತ್ರ. ಹಿಂದಿನ ಕಾಲಕ್ಕೆ ಹೋದ ಕೂಡಲೇ ‘ಕಾನ’ ಎಂಬ ಕ್ರಿಯಾಪದ ಬರುತ್ತದೆ, ಮತ್ತು ಸುದ್ದಿಯ ಕೊನೆಗೆ ‘ಅನ್’ ಸೇರುತ್ತದೆ. *ಕಾನಲ್ ಬಯ್ತು ಕಬೀರನ್*, ‘ಮನೆ ದೊಡ್ಡದಾಗಿತ್ತು’. ಕನ್ನಡ ನೋಡಿ: ‘ದೊಡ್ಡದು’ ಇದ್ದದ್ದು ‘ಇತ್ತು’ ಬಂದ ಕೂಡಲೇ ‘ದೊಡ್ಡದಾಗಿ’ ಆಯಿತು. ಎರಡು ಭಾಷೆಗೂ ರಕ್ತಸಂಬಂಧ ಏನೂ ಇಲ್ಲ. ಆದರೂ ‘ಕಬೀರನ್’ ಎನ್ನುವ ಕಡೆ ನಮ್ಮ ‘ಆಗಿ’ಯನ್ನು ನೆನೆದುಕೊಂಡರೆ ಆ ‘ಅನ್’ ಮರೆಯುವುದಿಲ್ಲ.

ಇನ್ನು ಗಾದೆಯ ನಡುವಿನ ತುಂಡು: *ಫೀ ಅಯ್ನಿ ಉಮ್ಮಿಹಿ*. ನಿಧಾನವಾಗಿ ಉಚ್ಚರಿಸಿದರೆ ಇಕಾರ ಒಂದರ ಹಿಂದೆ ಒಂದು ಬರುವುದು ಕೇಳಿಸುತ್ತದೆ. ‘ಫೀ’ ಅಂದರೆ ಒಳಗೆ. ಅದರ ಮುಂದೆ ಬಂದ ನಾಮಪದ ‘ಇ’ಯಲ್ಲಿ ಕೊನೆಯಾಗಬೇಕು, ಹಾಗಾಗಿ ಅಯ್ನಿ. ಕಣ್ಣು ಯಾರದು? ತಾಯಿಯದು. ಒಡೆಯರನ್ನು ಹೇಳುವ ಪದಕ್ಕೂ ‘ಇ’, ಹಾಗಾಗಿ ಉಮ್ಮಿ. ತಾಯಿ ಯಾರ ತಾಯಿ? ಕೋತಿಯ ತಾಯಿ. ‘ಅವನ’ ಅಥವಾ ‘ಅದರ’ ಎನ್ನಲು ಅಂಟಿಸುವ ಪ್ರತ್ಯಯ ನಿಜವಾಗಿ ‘ಹು’. ಆದರೆ ಹಿಂದೆ ಇಕಾರ ಇರುವುದರಿಂದ ನಾಲಿಗೆ ಅದನ್ನು ‘ಹಿ’ ಮಾಡುತ್ತದೆ. ಅದೇ ತಾಯಿ ವಾಕ್ಯದ ಮೊದಲಲ್ಲಿ ಬಂದರೆ *ಉಮ್ಮುಹು*. ಮೂರು ಪದದ ಈ ತುಂಡು ಬಾಯಿಗೆ ಬಂದರೆ ವಿಭಕ್ತಿಯ ಅರ್ಧ ಪಾಠ ಮುಗಿದಂತೆ.

ನೀವು ಕಚೇರಿಯಲ್ಲಿ ಕೇಳಿಸಿಕೊಂಡಿದ್ದು ಹೀಗಿರಲಿಲ್ಲ ಎನ್ನುತ್ತೀರಿ, ಗೊತ್ತು. ಈಜಿಪ್ಟಿನವರ ಬಾಯಲ್ಲಿ ಅದು *ಇಲ್-ಇರ್ದ್ ಫಿ ಏನ್ ಉಮ್ಮು ಗಜ಼ಾಲ್*. ಗಂಟಲಿನ ಆಳದ ‘ಕ’ ಅವರಲ್ಲಿ ಬರೀ ಒಂದು ತಡೆಯಾಗಿ ಉಳಿದಿದೆ, ಅಯ್ನ್ ಹೋಗಿ ಏನ್ ಆಗಿದೆ, ವಿಭಕ್ತಿ ಹೇಳುವ ಕೊನೆಯ ಉ, ಅ, ಇ ಎಲ್ಲ ಉದುರಿವೆ. ಅದೇ ‘ಕ’ ಕುವೈತಿಗಳ ಬಾಯಲ್ಲಿ ಬಹಳ ಪದಗಳಲ್ಲಿ ‘ಗ’ ಆಗುತ್ತದೆ. ಆಡುಮಾತಿನಲ್ಲಿ ವಿಭಕ್ತಿ ಇಲ್ಲ, ಪದಗಳ ಸಾಲೇ ಅರ್ಥ ಹೊರುತ್ತದೆ. ಹಾಗಾಗಿ ಒಂದೇ ಗಾದೆಯನ್ನು ಎರಡು ರೀತಿಯಲ್ಲೂ ಬರೆದಿಟ್ಟುಕೊಳ್ಳಿ: ಕೇಳಿಸಿದ ಹಾಗೆ ಒಂದು, ಗ್ರಂಥದ ಅರಬ್ಬಿಯಲ್ಲಿ ಒಂದು. ವ್ಯಾಕರಣ ಕಾಣುವುದು ಎರಡನೆಯದರಲ್ಲಿ. ಅಂದ ಹಾಗೆ, ಕನ್ನಡ ಅಕ್ಷರದಲ್ಲಿ ಅರಬ್ಬಿಯ ಎರಡು ‘ಹ’, ಎರಡು ‘ಕ’, ಎರಡು ‘ತ’ ಒಂದೇ ಥರ ಕಾಣುತ್ತವೆ. ಉಚ್ಚಾರಣೆಯನ್ನು ನಾನು ಬರೆದಿದ್ದರಿಂದ ಕಲಿಯಬೇಡಿ, ಗೆಳೆಯರ ಬಾಯಿಂದ ಕೇಳಿ.

ಎರಡನೆಯ ಗಾದೆ ಗಲ್ಫ್‌ನಲ್ಲಿ ಗೋಡೆಯ ಮೇಲೆಲ್ಲ ಕಾಣುವಂಥದ್ದು: *ಅಸ್-ಸಬ್ರು ಮಿಫ್ತಾಹುಲ್ ಫರಜ್*. ತಾಳ್ಮೆ, ಬಿಡುಗಡೆಯ ಬೀಗದಕೈ. ಇಲ್ಲೂ ಕ್ರಿಯಾಪದ ಇಲ್ಲ. ಮೊದಲು ಗಮನಿಸಬೇಕಾದದ್ದು ‘ಅಲ್-ಸಬ್ರ್’ ಎಂದು ಬರೆದು ‘ಅಸ್-ಸಬ್ರ್’ ಎಂದು ಓದುವುದು. ನಾಲಿಗೆಯ ತುದಿಯಿಂದ ಹುಟ್ಟುವ ವ್ಯಂಜನಗಳ ಮುಂದೆ ಅಲ್‌ನ ‘ಲ’ ಕರಗಿ ಆ ವ್ಯಂಜನವೇ ಇಮ್ಮಡಿಯಾಗುತ್ತದೆ. ‘ಫ’ ತುಟಿಯದ್ದು, ಅದಕ್ಕೆ ಫರಜ್ ಮುಂದೆ ‘ಲ’ ಹಾಗೇ ಉಳಿದಿದೆ.

ಇದಕ್ಕಿಂತ ಮುಖ್ಯವಾದದ್ದು *ಮಿಫ್ತಾಹುಲ್ ಫರಜ್* ಎಂಬ ಜೋಡಿ. ನಾವು ‘ಬಿಡುಗಡೆಯ ಬೀಗದಕೈ’ ಎನ್ನುತ್ತೇವೆ. ಒಡೆತನ ಹೇಳುವ ಪದ ಮೊದಲು, ವಸ್ತು ಆಮೇಲೆ. ಅರಬ್ಬಿಯಲ್ಲಿ ತಿರುಗುಮುರುಗು: ವಸ್ತು ಮೊದಲು, ಅದು ಯಾರದೋ ಅವರು ಆಮೇಲೆ. ಇದರ ಹೆಸರು ‘ಇದಾಫಾ’. ಇದು ನಿಮಗೆ ಹೊಸದು ಎಂದುಕೊಳ್ಳಬೇಡಿ. ಊರಲ್ಲಿ ನಿಮ್ಮ ಮನೆಯ ಪಹಣಿ ತೆಗೆದು ನೋಡಿ, ‘ರಾಮಪ್ಪ ಬಿನ್ ಶಿವಪ್ಪ’ ಎಂಬಂತೆ ಹೆಸರು ಇರುತ್ತದೆ. ಆ ‘ಬಿನ್’ ಅರಬ್ಬಿಯ ಪದ, ಮಗ ಎಂದರ್ಥ. ಕನ್ನಡದ ದಾರಿಯಲ್ಲಿ ‘ಶಿವಪ್ಪನ ಮಗ’ ಆಗಬೇಕಿತ್ತು, ಪಹಣಿಯಲ್ಲಿ ‘ಮಗ ಶಿವಪ್ಪನ’ ಆಗಿದೆ. ಕಂದಾಯ ಇಲಾಖೆಯ ಕಾಗದದಲ್ಲಿ ಇದಾಫಾದ ಸಾಲು ಹಾಗೇ ಕೂತಿದೆ.

ಇದಾಫಾದ ಒಂದು ಕಟ್ಟುನಿಟ್ಟು ಏನೆಂದರೆ ಮೊದಲ ಪದಕ್ಕೆ ಅಲ್ ಹಾಕುವಂತಿಲ್ಲ. *ಅಲ್-ಮಿಫ್ತಾಹುಲ್ ಫರಜ್* ಎಂದರೆ ತಪ್ಪು. ಬೀಗದಕೈ ಯಾವುದೆಂದು ಹೇಳುವ ಕೆಲಸವನ್ನು ಎರಡನೆಯ ಪದವೇ ಮಾಡಿಬಿಡುತ್ತದೆ. ಅಲ್ ಇದೆಯೋ ಇಲ್ಲವೋ ಎಂದು ನೋಡುವ ಕೋತಿ ಗಾದೆಯ ಲೆಕ್ಕವನ್ನು ಇಲ್ಲಿಗೂ ತಂದರೆ ಗೊಂದಲ ಆಗುತ್ತದೆ. ಹಾಗಾಗಿ ಯಾವುದೇ ಗಾದೆ ಸಿಕ್ಕಾಗ ಮೊದಲು ಇದಾಫಾ ಜೋಡಿಗಳನ್ನು ಹುಡುಕಿ ಗಂಟು ಹಾಕಿಬಿಡಿ. ಆಮೇಲೆ ಉಳಿದದ್ದರಲ್ಲಿ ಮಾತು ಯಾವುದು, ಸುದ್ದಿ ಯಾವುದು ಎಂದು ನೋಡಿ.

ಈಗ ನಿಮ್ಮ ಭೂತಕಾಲದ ಪ್ರಶ್ನೆಗೆ ಬರೋಣ. *ಮನ್ ಜದ್ದ ವಜದ*. ಮನ್ ಎಂದರೆ ಯಾರು, ಜದ್ದ ಎಂದರೆ ಶ್ರಮಪಟ್ಟ, ವಜದ ಎಂದರೆ ಕಂಡುಕೊಂಡ. ಇದರ ಜೋಡಿ *ಮನ್ ಜ಼ರಅ ಹಸದ*, ಯಾರು ಬಿತ್ತಿದನೋ ಕೊಯ್ದ. ನಿನ್ನೆ ಯಾರೋ ಒಬ್ಬ ಬಿತ್ತಿ ಕೊಯ್ದ ಕಥೆಯಲ್ಲ ಇದು. ಯಾರೇ ಬಿತ್ತಲಿ, ಕೊಯ್ಯುತ್ತಾರೆ.

ಇದೂ ನಮಗೆ ವಿಚಿತ್ರ ಅನ್ನಿಸಬಾರದು. ‘ತಾಳಿದವನು ಬಾಳಿಯಾನು’ ಎನ್ನುತ್ತೇವಲ್ಲ, ಆ ‘ತಾಳಿದ’ ಭೂತಕಾಲದ ರೂಪ. ಆದರೆ ನಾವು ನಾಳೆ ತಾಳುವವನಿಗೂ ಅದನ್ನೇ ಹೇಳುತ್ತೇವೆ. ‘ಮಳೆ ಬಂದರೆ ಹೋಗಲ್ಲ’ ಎನ್ನುವಾಗ ಮಳೆ ಇನ್ನೂ ಬಂದಿಲ್ಲ, ಆದರೂ ‘ಬಂದ’ ಎಂಬ ರೂಪಕ್ಕೆ ‘ರೆ’ ಸೇರಿಸಿದ್ದೇವೆ. ಒಂದು ಕೆಲಸ ಮುಗಿದ ಮೇಲಷ್ಟೇ ಇನ್ನೊಂದು ಆಗುವುದು ಎನ್ನುವಾಗ ಮೊದಲಿನದನ್ನು ಮುಗಿದ ರೂಪದಲ್ಲಿ ಹೇಳುವುದು ಕನ್ನಡದ ಜಾಯಮಾನ. ಅರಬ್ಬಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ ಎರಡನ್ನೂ ಮುಗಿದ ರೂಪದಲ್ಲಿ ಹೇಳುತ್ತದೆ. ಬಿತ್ತಿದ್ದೂ ಆಯಿತು, ಕೊಯ್ದದ್ದೂ ಆಯಿತು, ಸಂಶಯವೇ ಬೇಡ ಎಂಬ ಧಾಟಿ.

ಆದರೆ ಎಲ್ಲ ಭೂತಕಾಲವನ್ನೂ ಹೀಗೆ ಓದಬೇಡಿ. ಕ್ರಿಯಾಪದಕ್ಕೆ ಮೊದಲು ‘ಮನ್’ (ಯಾರು), ‘ಇನ್’ ಅಥವಾ ‘ಇದಾ’ (ಆದರೆ) ಇದೆಯಾ ನೋಡಬೇಕು. ಅವು ಇಲ್ಲದೆ *ಜದ್ದಲ್ ವಲದ್* ಎಂದರೆ ‘ಹುಡುಗ ಶ್ರಮಪಟ್ಟ’, ಅಷ್ಟೇ. ಇನ್ನೊಂದು ಕಡೆ ಈ ರೂಪ ನಿಮಗೆ ದಿನಾ ಸಿಗುತ್ತದೆ: *ಬಾರಕಲ್ಲಾಹು ಫೀಕ್*. ಪದಾರ್ಥ ‘ದೇವರು ನಿನ್ನಲ್ಲಿ ಆಶೀರ್ವಾದ ಇಟ್ಟ’, ಹೇಳುವ ಅರ್ಥ ‘ಇಡಲಿ’. ಹರಕೆಯೂ ಶಾಪವೂ ಅರಬ್ಬಿಯಲ್ಲಿ ಹೀಗೆ ಭೂತಕಾಲದಲ್ಲಿ ಬರುವುದುಂಟು.

ಮೂರನೆಯ ವಿಷಯಕ್ಕೆ ನಮ್ಮಲ್ಲಿ ಜೋಡಿ ಇಲ್ಲ, ಅದಕ್ಕೇ ಅಲ್ಲಿ ಹೆಚ್ಚು ಹೊತ್ತು ನಿಲ್ಲಬೇಕು. ಗಾದೆಗೆ ಮಾತ್ರ ಜೋಡಿ ಇದೆ. *ಅಲಾ ಕದ್ರಿ ಲಿಹಾಫಿಕ ಮುದ್ದ ರಿಜ್ಲಯ್ಕ*. ನಿನ್ನ ಹೊದಿಕೆಯ ಅಳತೆಗೆ ನಿನ್ನ ಕಾಲು ಚಾಚು. ನಾವು ಹಾಸಿಗೆ ಇದ್ದಷ್ಟು ಎನ್ನುತ್ತೇವೆ, ಅವರು ಹೊದಿಕೆ ಇದ್ದಷ್ಟು ಎನ್ನುತ್ತಾರೆ. ನಮ್ಮ ‘ಕಾಲು’ ಒಂದೋ ಎರಡೋ ಗಾದೆಗೆ ಬೇಕಿಲ್ಲ. ಅರಬ್ಬಿಗೆ ಬೇಕು. ರಿಜ್ಲ್ ಒಂದು ಕಾಲು, ಅರ್ಜುಲ್ ಮೂರು ಅಥವಾ ಹೆಚ್ಚು ಕಾಲು, ಸರಿಯಾಗಿ ಎರಡಿದ್ದರೆ ಬೇರೆಯದೇ ರೂಪ. ಸಂಸ್ಕೃತ ಓದಿದವರಿಗೆ ದ್ವಿವಚನ ಗೊತ್ತಿರುತ್ತದೆ, ಅದೇ ಇದು. ಕಾಲು ಕರ್ತೃವಾಗಿದ್ದರೆ *ರಿಜ್ಲಾನಿ*, ಉಳಿದೆಲ್ಲ ಕಡೆ *ರಿಜ್ಲಯ್ನಿ*. ಗಾದೆಯಲ್ಲಿ ಕಾಲನ್ನು ಚಾಚಬೇಕು, ಹಾಗಾಗಿ ರಿಜ್ಲಯ್ನಿ. ಅದಕ್ಕೆ ‘ನಿನ್ನ’ ಎಂಬ ‘ಕ’ ಅಂಟಿದ ಕೂಡಲೇ ‘ನಿ’ ಉದುರಿ *ರಿಜ್ಲಯ್ಕ* ಆಯಿತು. ಯಾರಿಗಾದರೂ ಸೇರಿದ ಜೋಡಿ ವಸ್ತುವಿಗೆ ಕೊನೆಯ ‘ನಿ’ ಇರುವುದಿಲ್ಲ. ಈಜಿಪ್ಟಿನವರ ಆಡುಮಾತಿನ *ರಿಗ್ಲೇಕ್*‌ನಲ್ಲೂ ಅದು ಉದುರಿದೆ, ಕೇಳಿ ನೋಡಿ.

ಈ ಉದುರುವಿಕೆ ಗೊತ್ತಿಲ್ಲದಿದ್ದರೆ ಒಂದು ಒಳ್ಳೆಯ ನುಡಿಗಟ್ಟು ಕೈ ತಪ್ಪುತ್ತದೆ: *ರಜಅ ಬಿ-ಖುಫ್ಫಯ್ ಹುನಯ್ನ್*. ಹುನಯ್ನನ ಜೋಡನ್ನು ಹಿಡಿದು ಮರಳಿದ. ಹೋದ ಕೆಲಸ ಆಗದೆ ಬರಿಗೈಲಿ ಬಂದವರಿಗೆ ಇದನ್ನು ಹೇಳುತ್ತಾರೆ. ಪತ್ರಿಕೆಗಳಲ್ಲಿ ಸೋತು ಬಂದ ಫುಟ್‌ಬಾಲ್ ತಂಡಕ್ಕೂ ಬರೆಯುತ್ತಾರೆ. 1124ರಲ್ಲಿ ತೀರಿಕೊಂಡ ನಿಶಾಪುರದ ಅಲ್-ಮೈದಾನಿ ಗಾದೆಗಳನ್ನು ಕಥೆಗಳ ಸಮೇತ ಒಟ್ಟು ಮಾಡಿದ್ದರು, ಅದರಲ್ಲಿ ಇದೂ ಇದೆ.

ಕಥೆ ಹೀಗಿದೆ. ಹುನಯ್ನ್ ಇರಾಕಿನ ಹೀರಾ ಪಟ್ಟಣದ ಮೋಚಿ. ಒಬ್ಬ ಬದು, ಅಂದರೆ ಮರುಭೂಮಿಯ ಅಲೆಮಾರಿ, ಒಂಟೆಯ ಮೇಲೆ ಬಂದು ಒಂದು ಜೊತೆ ಜೋಡಿಗೆ ಗಂಟೆಗಟ್ಟಲೆ ಚೌಕಾಸಿ ಮಾಡಿ, ಕೊನೆಗೆ ಕೊಳ್ಳದೇ ಹೊರಟ. ಹುನಯ್ನನಿಗೆ ಸಿಟ್ಟು ಬಂತು. ಆ ಜೋಡಿನಲ್ಲಿ ಒಂದನ್ನು ಬದು ಹೋಗುವ ದಾರಿಯಲ್ಲಿ ಎಸೆದ. ಇನ್ನೊಂದನ್ನು ಇನ್ನೂ ಮುಂದೆ ಎಸೆದು ಮರೆಯಲ್ಲಿ ಅವಿತು ಕೂತ. ಬದುವಿಗೆ ಮೊದಲನೆಯದು ಕಾಣಿಸಿತು. ‘ಥೇಟ್ ಹುನಯ್ನನ ಜೋಡಿನ ಹಾಗೇ ಇದೆ, ಇನ್ನೊಂದೂ ಇದ್ದಿದ್ದರೆ ತಗೋತಿದ್ದೆ’ ಎಂದು ಮುಂದೆ ಹೋದ. ಅಲ್ಲಿ ಎರಡನೆಯದು ಸಿಕ್ಕಿತು. ಮೊದಲನೆಯದನ್ನು ಬಿಟ್ಟು ಬಂದೆನಲ್ಲ ಎಂದು ಒಂಟೆಯನ್ನು ಅಲ್ಲೇ ಬಿಟ್ಟು ನಡೆದುಕೊಂಡು ಹಿಂದಕ್ಕೆ ಹೋದ. ಹುನಯ್ನ್ ಒಂಟೆಯನ್ನೂ ಅದರ ಮೇಲಿದ್ದ ಸಾಮಾನನ್ನೂ ಹೊಡೆದುಕೊಂಡು ಹೋದ. ಪಯಣದಿಂದ ಏನು ತಂದೆ ಎಂದು ಮನೆಯವರು ಕೇಳಿದರೆ ಬದು ಹೇಳಿದ್ದು, ‘ಹುನಯ್ನನ ಜೋಡು’.

ಇಡೀ ಕಥೆ ನಿಂತಿರುವುದು ಎರಡು ಎಂಬ ಲೆಕ್ಕದ ಮೇಲೆ. ಒಂದೇ ಸಿಕ್ಕಾಗ ಬೇಡವಾಗಿತ್ತು, ಎರಡು ಎಂದಾಗ ಆಸೆ ಹುಟ್ಟಿತು. ಆ ‘ಎರಡು’ ನುಡಿಗಟ್ಟಿನಲ್ಲಿ ಎಲ್ಲಿದೆ? ಖುಫ್ಫ್ ಎಂದರೆ ಒಂದು ಪಾದರಕ್ಷೆ. ಎರಡಾದರೆ *ಖುಫ್ಫಾನಿ*. ಅದಕ್ಕೆ ಮೊದಲು ‘ಬಿ’ (ಜೊತೆಗೆ) ಬಂದದ್ದರಿಂದ *ಖುಫ್ಫಯ್ನಿ*. ಹುನಯ್ನನಿಗೆ ಸೇರಿದ್ದು, ಇದಾಫಾ ಆಯಿತು, ‘ನಿ’ ಉದುರಿತು, ಉಳಿದದ್ದು *ಖುಫ್ಫಯ್*. ಕೊನೆಯ ‘ಅಯ್’ ಒಂದೇ ಎರಡನ್ನು ಹೇಳುತ್ತಿದೆ. ಹೊಸ ಕಿವಿಗೆ ಇದು *ಖುಫ್ಫೀ* ಎಂದು ಕೇಳಿಸಬಹುದು, ಅದು ‘ನನ್ನ ಒಂದು ಪಾದರಕ್ಷೆ’. ಅಯ್ ಮತ್ತು ಈ, ಇವೆರಡರ ವ್ಯತ್ಯಾಸ ಕಿವಿಗೆ ಬೀಳುವವರೆಗೆ ಹೇಳಿಸಿಕೊಳ್ಳಿ.

ಜೋಡಿ ಅಂಗಗಳ ಬಗ್ಗೆ ಇನ್ನೊಂದು ಮಾತು. ಕಾಲು, ಕೈ, ಕಣ್ಣು, ಕಿವಿ ಇವೆಲ್ಲ ಅರಬ್ಬಿಯಲ್ಲಿ ಸ್ತ್ರೀಲಿಂಗ, ಪದದ ಕೊನೆಯಲ್ಲಿ ಅದರ ಗುರುತು ಇರದಿದ್ದರೂ. *ಯದುನ್ ವಾಹಿದತುನ್ ಲಾ ತುಸಫ್ಫಿಕ್*, ಒಂದು ಕೈ ಚಪ್ಪಾಳೆ ತಟ್ಟದು. ‘ವಾಹಿದತುನ್’ ಎಂಬ ಸ್ತ್ರೀರೂಪವೂ ಕ್ರಿಯಾಪದದ ಮೊದಲ ‘ತು’ವೂ ಕೈಯ ಲಿಂಗವನ್ನು ಬಿಟ್ಟುಕೊಡುತ್ತವೆ. ಈ ಗಾದೆ ಬಳಸುವಾಗ ಸ್ವಲ್ಪ ಹುಷಾರು. ನಾವು ‘ಒಂದು ಕೈಲಿ ಚಪ್ಪಾಳೆ ಆಗಲ್ಲ’ ಎನ್ನುವುದು ಹೆಚ್ಚಾಗಿ ಜಗಳದಲ್ಲಿ, ತಪ್ಪು ಇಬ್ಬರದ್ದೂ ಇದೆ ಎನ್ನಲು. ಅರಬರು ಹೇಳುವುದು ಎಲ್ಲರೂ ಕೈ ಜೋಡಿಸಿ ಎನ್ನಲು. ಜಗಳದ ನಡುವೆ ನೀವು ಇದನ್ನು ಹೇಳಿದರೆ ಅವರಿಗೆ ಬೇರೆಯದೇ ಅರ್ಥ ತಲುಪುತ್ತದೆ.

ಕೊನೆಯದಾಗಿ, ಇಷ್ಟು ವ್ಯಾಕರಣ ಕಲಿತ ಮೇಲೆ ಗಾದೆಗಳನ್ನು ಎದುರಿನವರಿಗೆ ತಕ್ಕಂತೆ ತಿದ್ದಬೇಕು ಅನ್ನಿಸುತ್ತದೆ. ಹಳೆಯ ಗಾದೆಗಳಲ್ಲಿ ಹಾಗೆ ಮಾಡಬೇಡಿ. *ಅಸ್-ಸಯ್ಫ ದಯ್ಯಅತಿಲ್ ಲಬನ್*, ‘ಬೇಸಿಗೆಯಲ್ಲೇ ಹಾಲು ಕಳಕೊಂಡೆ’. ದಖ್ತನೂಸ್ ಎಂಬಾಕೆ ವಯಸ್ಸಾದ ಸಿರಿವಂತ ಗಂಡನನ್ನು ಬೇಸಿಗೆಯಲ್ಲಿ ಬಿಟ್ಟು ಪ್ರಾಯದವನೊಬ್ಬನನ್ನು ಮದುವೆಯಾದಳು. ಆಮೇಲೆ ಬರ ಬಂದಾಗ ಹಾಲು ಕೇಳಿ ಹಳೆಯ ಗಂಡನ ಬಳಿಗೇ ಕಳಿಸಿದಳು. ಅವನು ಕೊಟ್ಟ ಉತ್ತರ ಇದು. ಸಯ್ಫ್ ಎಂದರೆ ಬೇಸಿಗೆ. ಅದರ ಕೊನೆಯ ‘ಅ’ ಒಂದೇ ನಮ್ಮ ‘ಅಲ್ಲಿ’ಯ ಕೆಲಸ ಮಾಡುತ್ತಿದೆ, ಕಾಲ ಹೇಳುವ ಪದಗಳಿಗೆ ಅಷ್ಟೇ ಸಾಕು. ‘ದಯ್ಯಅತಿ’ಯ ಕೊನೆಯ ‘ತಿ’ ಹೆಂಗಸಿಗೆ ಹೇಳುವ ‘ನೀನು’. ಗಂಡಸಿಗಾದರೆ ‘ತ’ ಆಗಬೇಕು. ಆದರೆ ಈ ಗಾದೆಯನ್ನು ಗಂಡಸಿಗೆ ಹೇಳಿದರೂ, ಹತ್ತು ಜನರ ಗುಂಪಿಗೆ ಹೇಳಿದರೂ ‘ತಿ’ಯೇ. ಗಾದೆ ಮೊದಲು ಯಾರಿಗೆ ಹೇಳಿದ್ದೋ ಆ ರೂಪದಲ್ಲೇ ಉಳಿಯಬೇಕು ಎಂಬುದು ಅರಬ್ಬಿ ವ್ಯಾಕರಣಕಾರರು ಒಪ್ಪಿದ ನಿಯಮ. ನೀವು ಮುತುವರ್ಜಿಯಿಂದ ಅದನ್ನು ‘ತ’ ಎಂದು ತಿದ್ದಿ ಸಹೋದ್ಯೋಗಿಗೆ ಬರೆದು ಕಳಿಸಿದರೆ, ವ್ಯಾಕರಣ ಸರಿಯಿದ್ದರೂ ಅವರು ಅದನ್ನು ತಪ್ಪು ಎಂದೇ ಓದುತ್ತಾರೆ.